ಗುತ್ತಿಗೆ ಕಾರ್ಮಿಕರ ವೇತನ ಪ್ರಮಾಣಪತ್ರ: ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

ಪ್ರಶ್ನೆ: ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದರಲ್ಲಿ 2019ರಿಂದ ಗುತ್ತೇದಾರರ ಕೈಕೆಳಗೆ ಫಿಟ್ಟರ್ ಆಗಿ ಕೆಲಸ ಮಾಡ್ತಿದ್ದೀನಿ. ಮನೆ ಕಟ್ಟಲು 12 ಲಕ್ಷ ಸಾಲ ಕೇಳಿದೆ, ಕಲಬುರಗಿಯ ಬ್ಯಾಂಕಿನವರು ಪಗಾರದ ಸರ್ಟಿಫಿಕೇಟ್ ತಗೊಂಡು ಬಾ ಅಂದರು. ಕಂಪನಿಯ ಎಚ್‌ಆರ್‌ನವರು ‘ನೀನು ನಮ್ಮ ನೌಕರನೇ ಅಲ್ಲ’ ಅಂತಾರೆ. ಗುತ್ತೇದಾರರು ‘ಎಷ್ಟು ಬೇಕು ಹೇಳು, 30 ಸಾವಿರ ಅಂತ ಬರೆದು ಕೊಡ್ತೀನಿ’ ಅಂತಾರೆ, ಆದರೆ ಖರೆ ಪಗಾರ ಅಷ್ಟಿಲ್ಲ. ಏನು ಮಾಡಲಿ? ಮುಂದೆ ಸೌದಿಗೆ ಹೋಗೋ ವಿಚಾರನೂ ಅದ. ಇದೇ ಪತ್ರ ವೀಸಾಕ್ಕೂ ನಡೀತದೇನು?
— ಓದುಗರು, ಸೇಡಂ ತಾಲ್ಲೂಕು

ಉತ್ತರ: ನಿಮಗೆ ಬೇಕಾಗಿರುವುದು ಒಂದು ಪತ್ರವಲ್ಲ, ಎರಡು. ನಿಮ್ಮ ವೇತನ ಎಷ್ಟು ಎಂಬುದನ್ನು ಅಧಿಕೃತವಾಗಿ ಹೇಳಬಲ್ಲವರು ಗುತ್ತೇದಾರರು ಮಾತ್ರ, ಏಕೆಂದರೆ ವೇತನ ಕೊಡುವವರೂ ನಿಮ್ಮ ಭವಿಷ್ಯ ನಿಧಿಯನ್ನು ತಮ್ಮ ಸಂಕೇತ ಸಂಖ್ಯೆಯಲ್ಲಿ ಕಟ್ಟುವವರೂ ಅವರೇ. ನೀವು ಆ ಕಾರ್ಖಾನೆಯಲ್ಲಿ ಯಾವಾಗಿನಿಂದ ಕೆಲಸ ಮಾಡುತ್ತಿದ್ದೀರಿ ಎಂಬುದನ್ನು ನಂಬುವಂತೆ ಹೇಳಬಲ್ಲವರು ಕಂಪನಿಯವರು, ಏಕೆಂದರೆ ಗುತ್ತೇದಾರರು ಬದಲಾದರೂ ಗೇಟಿನಲ್ಲಿ ನಿಮ್ಮ ಹಾಜರಾತಿ ಹಿಡಿದ ಟೈಂ ಆಫೀಸು ಬದಲಾಗಿಲ್ಲ. ನೀವು ಇಬ್ಬರನ್ನೂ ಒಂದೇ ಪತ್ರ ಕೇಳಿದ್ದರಿಂದ ಒಬ್ಬರು ತಮಗೆ ಸಂಬಂಧವೇ ಇಲ್ಲ ಎಂದರು, ಇನ್ನೊಬ್ಬರು ತಮಗೆ ತೋಚಿದ್ದನ್ನು ಬರೆಯಲು ಹೊರಟರು.

ಮೊದಲು ಕಂಪನಿಯ ಎಚ್‌ಆರ್ ವಿಭಾಗದ ವಿಷಯ ನೋಡೋಣ, ಏಕೆಂದರೆ ಅವರ ನಿರಾಕರಣೆಯ ಹಿಂದಿನ ಕಾರಣ ತಿಳಿದರೆ ಅದನ್ನು ದಾಟುವ ದಾರಿಯೂ ಕಾಣುತ್ತದೆ. ‘ನೀನು ನಮ್ಮ ನೌಕರನಲ್ಲ’ ಎಂಬ ಮಾತು ಕಠಿಣವಾಗಿ ಕೇಳಿಸಿದರೂ ಅದರ ಹಿಂದೆ ಇರುವುದು ಕಾನೂನಿನ ಭಯ. ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ಮೂಲ ಸಂಸ್ಥೆಯ ಕಾಯಂ ನೌಕರರಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ತೀರ್ಪು ನೀಡಿತು. ಆದರೆ ಗುತ್ತಿಗೆ ಎಂಬುದು ಕೇವಲ ತೋರಿಕೆಯದು, ನಿಜವಾದ ಮಾಲೀಕ ಕಂಪನಿಯೇ ಎಂದು ಸಾಬೀತಾದರೆ ಫಲಿತಾಂಶ ಬೇರೆಯಾಗುತ್ತದೆ ಎಂಬ ಬಾಗಿಲನ್ನು ಅದೇ ತೀರ್ಪು ತೆರೆದಿಟ್ಟಿತು. ಅಂದಿನಿಂದ ಕಾರ್ಖಾನೆಗಳ ಎಚ್‌ಆರ್ ಅಧಿಕಾರಿಗಳು ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಗುತ್ತಿಗೆ ಕಾರ್ಮಿಕರ ಹೆಸರು ಬರೆಯಲು ಹಿಂಜರಿಯುತ್ತಾರೆ. ‘ಇವರು ನಮ್ಮಲ್ಲಿ ಫಿಟ್ಟರ್ ಆಗಿ ಕೆಲಸ ಮಾಡುತ್ತಿದ್ದಾರೆ, ವೇತನ ಇಷ್ಟು’ ಎಂಬ ಎರಡು ಸಾಲಿನ ಪತ್ರವೇ ನಾಳೆ ಕಾರ್ಮಿಕ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಂತೀತು ಎಂಬುದು ಅವರ ಲೆಕ್ಕ. ಅವರ ಸ್ಥಾನದಲ್ಲಿ ಯಾರೇ ಇದ್ದರೂ ಅಂಥ ಪತ್ರಕ್ಕೆ ಸಹಿ ಮಾಡುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಇನ್ನೊಂದು ಭಯವೂ ಇದೆ. ಸಹಕಾರಿ ಪತ್ತಿನ ಸಂಘಗಳು ಮತ್ತು ಕೆಲವು ಬ್ಯಾಂಕುಗಳು ವೇತನ ಪ್ರಮಾಣಪತ್ರದ ಜೊತೆಗೆ, ಸಾಲದ ಕಂತನ್ನು ಪ್ರತಿ ತಿಂಗಳು ವೇತನದಲ್ಲೇ ಕಡಿತ ಮಾಡಿ ಕಳುಹಿಸುತ್ತೇವೆ ಎಂಬ ಒಪ್ಪಿಗೆ ಪತ್ರವನ್ನೂ ಮಾಲೀಕರಿಂದ ಕೇಳುವುದುಂಟು. ಇದು ಸಂಪೂರ್ಣ ಬೇರೆ ದಾಖಲೆ. ವೇತನ ಪ್ರಮಾಣಪತ್ರವು ಇರುವ ಸಂಗತಿಯನ್ನು ತಿಳಿಸುತ್ತದೆ ಅಷ್ಟೆ, ಒಪ್ಪಿಗೆ ಪತ್ರವಾದರೋ ಮಾಲೀಕರ ಮೇಲೆ ಒಂದು ಹೊಣೆಯನ್ನು ಹೊರಿಸುತ್ತದೆ. ಅನೇಕ ಕಚೇರಿಗಳಲ್ಲಿ ‘ಬ್ಯಾಂಕಿಗೆ ಪತ್ರ ಬೇಕು’ ಎಂದ ತಕ್ಷಣ ಈ ಎರಡನೆಯದೇ ಕಣ್ಣಮುಂದೆ ಬಂದು, ಕಾರ್ಮಿಕ ಕೆಲಸ ಬಿಟ್ಟು ಹೋದರೆ ಕಂತು ನಮ್ಮ ತಲೆಗೆ ಬರುತ್ತದೆ ಎಂದು ಹಿಂದೆ ಸರಿಯುತ್ತಾರೆ. ಆದ್ದರಿಂದ ನಿಮ್ಮ ಬ್ಯಾಂಕಿನಿಂದ ಅವರು ಕೇಳುವ ದಾಖಲೆಗಳ ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಕಡಿತದ ಒಪ್ಪಿಗೆ ಪತ್ರ ಆ ಪಟ್ಟಿಯಲ್ಲಿ ಇಲ್ಲವೆಂದಾದರೆ ಅದನ್ನು ಎಚ್‌ಆರ್‌ಗೂ ಗುತ್ತೇದಾರರಿಗೂ ತೋರಿಸಿ. ಮಾತಿನಲ್ಲಿ ಎಷ್ಟು ವಿವರಿಸಿದರೂ ಆಗದ ಕೆಲಸ ಆ ಒಂದು ಹಾಳೆಯಿಂದ ಆಗುತ್ತದೆ.

ಈಗ ಕಂಪನಿಯಿಂದ ಏನನ್ನು ಕೇಳಬೇಕು? ವೇತನದ ಮಾತನ್ನೇ ಎತ್ತಬೇಡಿ. ನೀವು ಗುತ್ತೇದಾರರ ಮೂಲಕವೇ ಕೆಲಸ ಮಾಡುತ್ತಿದ್ದೀರಿ ಎಂಬುದನ್ನು ನೀವಾಗಿಯೇ ಅರ್ಜಿಯಲ್ಲಿ ಬರೆದು, ಗೇಟ್ ಪಾಸ್ ಹಾಗೂ ಹಾಜರಾತಿ ದಾಖಲೆಯ ಆಧಾರದ ಮೇಲೆ ಅವಧಿಯನ್ನು ಮಾತ್ರ ದೃಢೀಕರಿಸಲು ಕೋರಿ. ‘ಗುತ್ತೇದಾರರ ಮೂಲಕ’ ಎಂಬ ಮಾತು ಪತ್ರದೊಳಗೆ ಇದ್ದಾಗ ಆ ಪತ್ರವು ಕಂಪನಿಯ ಕಾನೂನು ನಿಲುವಿಗೆ ವಿರುದ್ಧವಾಗುವುದಿಲ್ಲ, ಬದಲಿಗೆ ಅದನ್ನೇ ಹೇಳುತ್ತದೆ. ಅರ್ಜಿ ಹೀಗಿರಬಹುದು:

‘ಮಾನ್ಯರೇ, ನಾನು ತಮ್ಮ ಕಾರ್ಖಾನೆಯ ಮೆಕ್ಯಾನಿಕಲ್ ವಿಭಾಗದಲ್ಲಿ 2019ರ ಜೂನ್‌ನಿಂದ ಗುತ್ತೇದಾರರ ಮೂಲಕ ಫಿಟ್ಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ಗೃಹ ಸಾಲದ ಅರ್ಜಿಗಾಗಿ ನನ್ನ ಕೆಲಸದ ಅವಧಿಯ ದೃಢೀಕರಣವನ್ನು ಬ್ಯಾಂಕಿನವರು ಕೇಳಿದ್ದಾರೆ, ಅವರ ಪಟ್ಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಟೈಂ ಆಫೀಸಿನ ದಾಖಲೆಯಂತೆ ನಾನು ಯಾವ ಯಾವ ಗುತ್ತೇದಾರರ ಮೂಲಕ ಯಾವ ಅವಧಿಯಲ್ಲಿ ಕೆಲಸ ಮಾಡಿದ್ದೇನೆ ಎಂಬುದನ್ನು ತಿಳಿಸುವ ಪತ್ರವನ್ನು ದಯಪಾಲಿಸಬೇಕೆಂದು ಕೋರುತ್ತೇನೆ. ಈ ಪತ್ರವನ್ನು ಬ್ಯಾಂಕಿಗೆ ಸಲ್ಲಿಸಲು ಮಾತ್ರ ಬಳಸುತ್ತೇನೆ. ಇದರಿಂದ ಕಂಪನಿಗೆ ಸಾಲದ ಯಾವುದೇ ಹೊಣೆ ಬರುವುದಿಲ್ಲ ಎಂಬುದನ್ನು ಪತ್ರದಲ್ಲಿ ನಮೂದಿಸಲು ನನ್ನ ಒಪ್ಪಿಗೆ ಇದೆ.’

ಇದರ ಜೊತೆಗೆ ಗೇಟ್ ಪಾಸಿನ ಪ್ರತಿ, ಆಧಾರ್ ಪ್ರತಿ ಮತ್ತು ಹಿಂದಿನ ಗುತ್ತೇದಾರರ ಹೆಸರು ಹಾಗೂ ಅವಧಿ ಬರೆದ ಹಾಳೆಯನ್ನು ಇಡಿ. ಹಳೆಯ ದಾಖಲೆ ಹುಡುಕುವ ಶ್ರಮವನ್ನು ನೀವೇ ಅರ್ಧ ಕಡಿಮೆ ಮಾಡಿದರೆ ಟೈಂ ಆಫೀಸಿನವರು ನಿಮ್ಮ ಅರ್ಜಿಯನ್ನು ಪಕ್ಕಕ್ಕೆ ಸರಿಸುವುದು ಕಡಿಮೆಯಾಗುತ್ತದೆ. ಇಷ್ಟಾದ ಮೇಲೂ ಲೆಟರ್‌ಹೆಡ್ಡಿನ ಮೇಲೆ ಕೊಡಲಾಗದು ಎಂದರೆ, ಗುತ್ತೇದಾರರು ಕೊಡುವ ಪ್ರಮಾಣಪತ್ರದ ಕೆಳಗೆ ‘ಹಾಜರಾತಿ ದಾಖಲೆಯೊಂದಿಗೆ ಪರಿಶೀಲಿಸಲಾಗಿದೆ’ ಎಂದು ಬರೆದು ಟೈಂ ಆಫೀಸಿನ ಸೀಲು ಮತ್ತು ಸಹಿ ಹಾಕಲು ವಿನಂತಿಸಿ. ಬ್ಯಾಂಕಿನ ದೃಷ್ಟಿಯಲ್ಲಿ ಅದಕ್ಕೂ ತೂಕವಿದೆ.

ಇನ್ನು ಗುತ್ತೇದಾರರು ಬರೆದುಕೊಡುತ್ತೇನೆಂದ 30 ಸಾವಿರದ ಮಾತು. ಅದು ತಪ್ಪು ಎನ್ನುವುದಕ್ಕಿಂತ ಮೊದಲು, ಅದು ನಿಮಗೆ ಬೇಕಾಗಿಯೇ ಇಲ್ಲ ಎಂಬುದನ್ನು ತೋರಿಸುತ್ತೇನೆ. ನಿಮ್ಮ ಲೆಕ್ಕ ನನಗೆ ಗೊತ್ತಿಲ್ಲವಾದ್ದರಿಂದ ಈ ಭಾಗದ ಗುತ್ತಿಗೆ ಫಿಟ್ಟರ್ ಒಬ್ಬರಿಗೆ ಹೊಂದುವಂಥ ಅಂಕಿಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ, ನಿಮ್ಮ ವೇತನ ಚೀಟಿ ನೋಡಿ ಅಂಕಿಗಳನ್ನು ಬದಲಿಸಿಕೊಳ್ಳಿ.

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,000 ರೂಪಾಯಿ, ಇತರ ಭತ್ಯೆಗಳು 5,500, ಒಟ್ಟು 21,500. ಭವಿಷ್ಯ ನಿಧಿಯನ್ನು 15,000 ರೂಪಾಯಿಯ ಮಿತಿಗೆ ಲೆಕ್ಕ ಹಾಕಿ ಶೇ 12ರಂತೆ 1,800 ಕಡಿತ ಮಾಡುತ್ತಾರೆ ಎಂದುಕೊಳ್ಳಿ. ಇಎಸ್‌ಐ ಕಡಿತ ಇಲ್ಲವೆಂದು ಇಟ್ಟುಕೊಳ್ಳೋಣ, ವೇತನ 25,000 ಮುಟ್ಟದ ಕಾರಣ ವೃತ್ತಿ ತೆರಿಗೆಯೂ ಇಲ್ಲ. ಕೈಗೆ ಬರುವುದು 19,700. ಇದರ ಮೇಲೆ ಓವರ್‌ಟೈಂ ಬರುತ್ತದೆ, ಕಿಲ್ನ್ ನಿಲ್ಲಿಸಿ ದುರಸ್ತಿ ಮಾಡುವ ತಿಂಗಳಲ್ಲಿ ಹೆಚ್ಚು, ಉಳಿದ ತಿಂಗಳಲ್ಲಿ ಕಡಿಮೆ. ಕಳೆದ ಆರು ತಿಂಗಳಲ್ಲಿ ಅದು 2,100, 3,400, 1,700, 2,800, 3,200 ಮತ್ತು 1,800 ಬಂದಿದೆ ಎಂದಾದರೆ ಒಟ್ಟು 15,000, ಸರಾಸರಿ ತಿಂಗಳಿಗೆ 2,500.

12 ಲಕ್ಷ ರೂಪಾಯಿಯ ಸಾಲಕ್ಕೆ ಶೇ 8.5ರ ಬಡ್ಡಿ ಮತ್ತು 20 ವರ್ಷದ ಅವಧಿ ಹಿಡಿದರೆ ಕಂತು ಸುಮಾರು 10,414 ರೂಪಾಯಿ. ಕೈಗೆ ಬರುವ ಆದಾಯದ ಎಷ್ಟು ಪಾಲನ್ನು ಕಂತಿಗೆ ಬಿಡಬಹುದು ಎಂಬುದಕ್ಕೆ ಪ್ರತಿ ಬ್ಯಾಂಕಿಗೂ ತನ್ನದೇ ನಿಯಮವಿದೆ, ಇಲ್ಲಿ ಅರ್ಧವೆಂದು ಇಟ್ಟುಕೊಳ್ಳೋಣ. 19,700ರ ಅರ್ಧ 9,850, ಅಂದರೆ ಕಂತಿಗೆ ಸಾಲದು. ಅರ್ಜಿ ಸುಮಾರು 11 ಲಕ್ಷ 35 ಸಾವಿರಕ್ಕೇ ನಿಲ್ಲುತ್ತದೆ. ಈಗ ಓವರ್‌ಟೈಮಿನ ಸರಾಸರಿಯನ್ನು ಸೇರಿಸಿ. ಬ್ಯಾಂಕು ಎಚ್ಚರಿಕೆಯಿಂದ ಅದರ ಅರ್ಧವನ್ನಷ್ಟೇ ಒಪ್ಪಿದರೂ ಆದಾಯ 20,950 ಆಗಿ, ಅದರ ಅರ್ಧ 10,475 ಬರುತ್ತದೆ. 12 ಲಕ್ಷದ ಕಂತು ಅದರೊಳಗೆ ಕೂರುತ್ತದೆ. ನಿಮಗೆ ಕೊರತೆಯಾಗಿದ್ದದ್ದು ಸುಳ್ಳು ವೇತನವಲ್ಲ, ಕಾಗದದ ಮೇಲೆ ಬಾರದೇ ಉಳಿದ ನಿಜವಾದ ಓವರ್‌ಟೈಂ. ಗುತ್ತೇದಾರರು ಅವಸರದಲ್ಲಿ ಬರೆಯುವ ಪ್ರಮಾಣಪತ್ರಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ.

30 ಸಾವಿರ ಎಂದು ಬರೆದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ಬ್ಯಾಂಕಿನವರು ಪ್ರಮಾಣಪತ್ರವನ್ನು ಒಂಟಿಯಾಗಿ ಓದುವುದಿಲ್ಲ. ಅದರ ಪಕ್ಕದಲ್ಲಿ ಆರು ತಿಂಗಳ ಖಾತೆ ವಿವರ, ಮೂರು ತಿಂಗಳ ವೇತನ ಚೀಟಿ ಮತ್ತು ಭವಿಷ್ಯ ನಿಧಿಯ ಪಾಸ್‌ಬುಕ್ ಇರುತ್ತವೆ. ಪತ್ರದಲ್ಲಿ 30,000, ಖಾತೆಯಲ್ಲಿ 21,800, 23,100, 21,400 ಎಂದು ಜಮೆ ಇದ್ದರೆ ಅಂತರ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಮೊದಲ ದಿನವೇ ಏಳುತ್ತದೆ. ಉಳಿದದ್ದನ್ನು ನಗದಾಗಿ ಕೊಡುತ್ತೇವೆ ಎಂದು ಗುತ್ತೇದಾರರು ಉತ್ತರಿಸಿದರೆ ಅವರು ಭವಿಷ್ಯ ನಿಧಿಯ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ, ಆದ್ದರಿಂದ ಪರಿಶೀಲನೆಯ ಕರೆ ಬಂದಾಗ ಅವರು ಹಾಗೆ ಉತ್ತರಿಸುವುದೂ ಇಲ್ಲ. ಅರ್ಜಿ ತಿರಸ್ಕೃತವಾದರೆ ಅಷ್ಟಕ್ಕೇ ಪಾರಾದಿರಿ ಎಂದುಕೊಳ್ಳಬೇಕು. ಸಾಲ ಮಂಜೂರಾದ ಮೇಲೆ ಬಯಲಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯ ಆರೋಪದವರೆಗೆ ಹೋಗಬಹುದು, ಮತ್ತು ಆಗ ಅರ್ಜಿಯ ಕೆಳಗೆ ಇರುವುದು ಗುತ್ತೇದಾರರ ಸಹಿಯಲ್ಲ, ನಿಮ್ಮದು. ಅದಕ್ಕಿಂತ ದಿನನಿತ್ಯದ ತೊಂದರೆಯೂ ಇದೆ: 30 ಸಾವಿರದ ಲೆಕ್ಕದಲ್ಲಿ ಹೆಚ್ಚು ಸಾಲ ಪಡೆದರೆ, ಅದರ ಅರ್ಧವಾದ 15,000 ರೂಪಾಯಿಯವರೆಗಿನ ಕಂತನ್ನು 22,000 ರೂಪಾಯಿಯ ಪಗಾರದಲ್ಲಿ ಕಟ್ಟಬೇಕಾದವರು ನೀವು.

ಹಾಗಾದರೆ ಗುತ್ತೇದಾರರ ಪ್ರಮಾಣಪತ್ರದಲ್ಲಿ ಏನಿರಬೇಕು? ನಿಮ್ಮ ಹೆಸರು ಆಧಾರ್‌ನಲ್ಲಿ ಇರುವಂತೆಯೇ, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ, ಹುದ್ದೆ, ಕೆಲಸಕ್ಕೆ ಸೇರಿದ ದಿನಾಂಕ, ಯಾವ ಕಾರ್ಖಾನೆಯಲ್ಲಿ ಕೆಲಸ, ವೇತನದ ವಿವರ, ಕಡಿತದ ವಿವರ, ಕೈಗೆ ಬರುವ ಮೊತ್ತ, ಅದು ಜಮೆಯಾಗುವ ಖಾತೆಯ ಕೊನೆಯ ನಾಲ್ಕು ಅಂಕಿ ಇವಿಷ್ಟು ಬೇಕು. ಓವರ್‌ಟೈಂ ಅನ್ನು ವೇತನದೊಳಗೆ ಬೆರೆಸದೆ ಪ್ರತ್ಯೇಕ ಸಾಲಿನಲ್ಲಿ ಬರೆಸಿ: ‘ಮೇಲ್ಕಂಡ ವೇತನವಲ್ಲದೆ, ಕಳೆದ ಆರು ತಿಂಗಳಲ್ಲಿ ಇವರಿಗೆ ಓವರ್‌ಟೈಂ ಬಾಬತ್ತು ಒಟ್ಟು 15,000 ರೂಪಾಯಿಗಳನ್ನು ಬ್ಯಾಂಕ್ ಖಾತೆಯ ಮೂಲಕ ಪಾವತಿಸಲಾಗಿದೆ.’ ಬೆರೆಸಿ ಬರೆದರೆ ಖಾತೆಯ ಜಮೆ ತಿಂಗಳಿಂದ ತಿಂಗಳಿಗೆ ಏಕೆ ಏರಿಳಿಯುತ್ತದೆ ಎಂಬುದಕ್ಕೆ ವಿವರಣೆ ಸಿಗದೆ, ನಿಜವಾದ ಪತ್ರವೂ ಸುಳ್ಳಿನಂತೆ ಕಾಣುತ್ತದೆ. ಹಾಜರಿ ಬಹುಮಾನ ಅಥವಾ ಬತ್ತೆ ನಗದಾಗಿ ಬರುತ್ತಿದ್ದರೆ ಅದನ್ನು ಈ ಪತ್ರದಲ್ಲಿ ಸೇರಿಸಲು ಒತ್ತಾಯಿಸಬೇಡಿ, ಖಾತೆಯಲ್ಲಿ ಕಾಣದ ಹಣವನ್ನು ಬ್ಯಾಂಕು ಎಣಿಸುವುದಿಲ್ಲ. ಇನ್ನು ಮುಂದಾದರೂ ಅದನ್ನು ಖಾತೆಗೇ ಹಾಕುವಂತೆ ಕೇಳಿಕೊಳ್ಳಿ.

ಪತ್ರದ ಮೇಲೆ ದಿನಾಂಕ, ಉಲ್ಲೇಖ ಸಂಖ್ಯೆ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಸೀಲು ಇರಬೇಕು. ಮುಖ್ಯವಾಗಿ, ಫೋನ್ ಮಾಡಿದರೆ ಎತ್ತುವವರ ನಂಬರ್ ಇರಬೇಕು. ಗುತ್ತೇದಾರರ ಕಚೇರಿ ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಇದ್ದು, ಪತ್ರದಲ್ಲಿ ಸೈಟ್ ಸೂಪರ್‌ವೈಸರ್ ಅವರ ಮೊಬೈಲ್ ಮಾತ್ರ ಇದ್ದು, ಅವರು ಶಿಫ್ಟಿನಲ್ಲಿ ಫೋನ್ ಎತ್ತದೆ ಹೋದದ್ದಕ್ಕೆ ‘ಪರಿಶೀಲನೆ ಆಗಲಿಲ್ಲ’ ಎಂಬ ಷರಾ ಬಿದ್ದು ಕಡತ ನಿಂತುಹೋಗುವುದು ಬಹಳ ಸಾಮಾನ್ಯ. ಪತ್ರ ಪಡೆಯುವ ದಿನವೇ ‘ಬ್ಯಾಂಕಿನಿಂದ ಕರೆ ಬರುತ್ತದೆ, ಯಾರು ಉತ್ತರಿಸುತ್ತಾರೆ?’ ಎಂದು ಕೇಳಿ, ಅವರ ಹೆಸರು ಮತ್ತು ನಂಬರನ್ನೇ ಪತ್ರದಲ್ಲಿ ಹಾಕಿಸಿ.

ವೇತನದಲ್ಲಿ ತೆರಿಗೆ ಕಡಿತ ಮಾಡಿದ್ದಕ್ಕೆ ಮಾಲೀಕರು ಕೊಡುವ ಫಾರ್ಮ್ 16 ಅನ್ನು ಸಹ ಬ್ಯಾಂಕಿನವರು ಕೇಳಿರಬಹುದು. ನಿಮ್ಮ ವೇತನದಲ್ಲಿ ಆದಾಯ ತೆರಿಗೆ ಕಡಿತವೇ ಆಗದಿರುವಾಗ ಅದಕ್ಕಾಗಿ ಗುತ್ತೇದಾರರ ಹಿಂದೆ ಅಲೆಯಬೇಡಿ. ತೆರಿಗೆ ಶೂನ್ಯವಿದ್ದರೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬಹುದು, ಅದರ ಸ್ವೀಕೃತಿಯನ್ನು ಬ್ಯಾಂಕುಗಳು ಆದಾಯದ ದಾಖಲೆಯಾಗಿ ನೋಡುತ್ತವೆ.

ಗುತ್ತಿಗೆ ಕಾರ್ಮಿಕರ ಸಾಲದ ಅರ್ಜಿ ಬಿದ್ದುಹೋಗುವುದು ವೇತನದ ವಿಷಯದಲ್ಲಿ ಎಷ್ಟೋ, ಸೇವೆಯ ಅವಧಿಯ ವಿಷಯದಲ್ಲೂ ಅಷ್ಟೇ, ಮತ್ತು ಈ ಎರಡನೆಯದನ್ನು ಯಾರೂ ಮೊದಲೇ ಹೇಳುವುದಿಲ್ಲ. ನೀವು 2019ರಿಂದ ಒಂದೇ ಯಂತ್ರದ ಮುಂದೆ ನಿಂತಿರಬಹುದು. ಆದರೆ ಗುತ್ತಿಗೆ 2022ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಕೈ ಬದಲಾಗಿದ್ದರೆ ಈಗಿನ ಗುತ್ತೇದಾರರ ಪತ್ರದಲ್ಲಿ ‘2024ರ ಏಪ್ರಿಲ್‌ನಿಂದ’ ಎಂದೇ ಇರುತ್ತದೆ, ಅವರು ಅದಕ್ಕಿಂತ ಹಿಂದಿನದನ್ನು ಬರೆಯುವಂತೆಯೂ ಇಲ್ಲ. ಬ್ಯಾಂಕಿನ ಅಧಿಕಾರಿಗೆ ನೀವು ಹೊಸ ಕೆಲಸಗಾರರಂತೆ ಕಾಣುತ್ತೀರಿ. ಕಂಪನಿಯ ಅವಧಿ ಪತ್ರವನ್ನು ಇಷ್ಟು ಒತ್ತಿ ಹೇಳಿದ್ದು ಇದಕ್ಕಾಗಿಯೇ. ಅದಕ್ಕೆ ಜೊತೆಯಾಗಿ ನಿಲ್ಲುವ ಇನ್ನೊಂದು ದಾಖಲೆ ನಿಮ್ಮ ಕೈಯಲ್ಲೇ ಇದೆ, ಅದಕ್ಕೆ ಯಾರ ಸಹಿಯೂ ಬೇಡ. ಭವಿಷ್ಯ ನಿಧಿಯ ಸದಸ್ಯರ ಪೋರ್ಟಲ್ `unifiedportal-mem.epfindia.gov.in` ಇದರಲ್ಲಿ ಯುಎಎನ್ ಮೂಲಕ ಒಳಹೊಕ್ಕು `View` ಅಡಿಯಲ್ಲಿ `Service History` ತೆರೆದರೆ ಮೂವರು ಗುತ್ತೇದಾರರ ಹೆಸರೂ ಸೇರಿದ ಮತ್ತು ಬಿಟ್ಟ ದಿನಾಂಕಗಳೂ ಸಾಲಾಗಿ ಕಾಣಬೇಕು. ಅದನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸಿ.

ಆದರೆ ಮುದ್ರಿಸುವ ಮೊದಲು ಮೂರು ಸಂಗತಿಗಳನ್ನು ಗಮನವಿಟ್ಟು ನೋಡಿ. ಗುತ್ತಿಗೆ ಬದಲಾದಾಗ ಹೊಸ ಗುತ್ತೇದಾರರು ಹಳೆಯ ಯುಎಎನ್ ಕೇಳದೆ ಹೊಸದೊಂದನ್ನು ಮಾಡಿಸಿಬಿಟ್ಟಿದ್ದರೆ ನಿಮ್ಮ ಸೇವೆ ಎರಡು ತುಂಡಾಗಿರುತ್ತದೆ, ಅದನ್ನು ಒಂದುಗೂಡಿಸಲು ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸುವ ಅರ್ಜಿ ಹಾಕಬೇಕು. ಹಳೆಯ ಗುತ್ತೇದಾರರು ನೀವು ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸದೇ ಹೋಗಿದ್ದರೆ ನೀವು ಏಕಕಾಲಕ್ಕೆ ಇಬ್ಬರಲ್ಲಿ ಕೆಲಸ ಮಾಡಿದಂತೆ ತೋರುತ್ತದೆ. ಅವರು ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳು ಕಳೆದಿದ್ದರೆ ಅದೇ ಪೋರ್ಟಲ್‌ನಲ್ಲಿ `Manage` ಅಡಿಯ `Mark Exit` ಮೂಲಕ ನೀವೇ ಆ ದಿನಾಂಕ ದಾಖಲಿಸಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಸಾಕು. ಇನ್ನು ಮೂರನೆಯದು ಹೆಸರು. ಆಧಾರ್‌ನಲ್ಲಿ ಶರಣಬಸಪ್ಪ, ಭವಿಷ್ಯ ನಿಧಿಯಲ್ಲಿ ಶರಣಪ್ಪ, ಗೇಟ್ ಪಾಸಿನಲ್ಲಿ ಬರೀ ಶರಣು ಎಂದಿರುವುದು ನಮ್ಮ ಕಡೆ ಹೊಸದೇನಲ್ಲ, ಊರಲ್ಲಿ ಯಾರಿಗೂ ಅದರಿಂದ ಗೊಂದಲವಾಗುವುದಿಲ್ಲ, ಬ್ಯಾಂಕಿಗೆ ಮಾತ್ರ ಅವರು ಮೂರು ಜನ. ಭವಿಷ್ಯ ನಿಧಿಯ ದಾಖಲೆ ತಿದ್ದಲು ನೀವೂ ಗುತ್ತೇದಾರರೂ ಸೇರಿ ಜಂಟಿ ಘೋಷಣೆ ಸಲ್ಲಿಸಬೇಕಾದೀತು. ಅದಕ್ಕೆ ಸಮಯ ಹಿಡಿಯುವುದರಿಂದ ಸಾಲದ ಅರ್ಜಿಗೆ ಮೊದಲೇ ಆರಂಭಿಸುವುದು ಲೇಸು.

ಅರ್ಜಿಯನ್ನು ಯಾವಾಗ ಕೊಡಬೇಕು ಎಂಬುದೂ ಸಣ್ಣ ವಿಷಯವಲ್ಲ. ತಿಂಗಳ ಮೊದಲ ವಾರ ವೇತನ ಮಾಡುವ ಗಡಿಬಿಡಿ, 15ರೊಳಗೆ ಭವಿಷ್ಯ ನಿಧಿಯ ವಂತಿಗೆ ಕಟ್ಟುವ ಗಡುವು. ಅದಾದ ನಂತರದ ವಾರದಲ್ಲಿ ಕೊಟ್ಟ ಅರ್ಜಿಗೆ ಗಮನ ಸಿಗುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಗುತ್ತೇದಾರರ ಇಮೇಲ್ ಇದ್ದರೆ ಅದಕ್ಕೂ ಕಳುಹಿಸಿ. ಪ್ರಮಾಣಪತ್ರದ ಕರಡನ್ನು ಟೈಪ್ ಮಾಡಿಸಿ ಜೊತೆಗಿಟ್ಟರೆ ಅವರು ಅಂಕಿಗಳನ್ನು ನೋಡಿ ಸಹಿ ಹಾಕುವುದಷ್ಟೇ ಉಳಿಯುತ್ತದೆ. ಹಾಗೆಂದು ಲೆಟರ್‌ಹೆಡ್ಡಿನ ಖಾಲಿ ಹಾಳೆಯನ್ನೇ ಕೊಟ್ಟು ‘ನೀನೇ ಬರೆದುಕೋ’ ಎಂದರೆ ತೆಗೆದುಕೊಳ್ಳಬೇಡಿ.

ಗುತ್ತೇದಾರರು ಸರಿಯಾದ ಅಂಕಿಯ ಪತ್ರವನ್ನು ಕೊಡಲು ಒಪ್ಪದಿದ್ದರೆ? ಕೆಲಸದಲ್ಲಿರುವಾಗ ಬ್ಯಾಂಕಿಗಾಗಿ ವೇತನ ಪ್ರಮಾಣಪತ್ರ ಕೊಡಲೇಬೇಕೆಂದು ಯಾವ ಕಾನೂನಿನ ಆಧಾರದ ಮೇಲೂ ಒತ್ತಾಯಿಸುವುದು ಕಷ್ಟ. ಆದರೆ ವೇತನ ಚೀಟಿ ಕೇಳುವುದು ನಿಮ್ಮ ಹಕ್ಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ವೇತನ ಚೀಟಿ ಕೊಡುವುದು ಮಾಲೀಕರ ಕರ್ತವ್ಯ, ಮತ್ತು ಗುತ್ತಿಗೆ ಕಾರ್ಮಿಕರು ಕೇಳಿದಾಗ ಅವರು ಮಾಡಿದ ಕೆಲಸದ ವಿವರವಿರುವ ಅನುಭವ ಪ್ರಮಾಣಪತ್ರವನ್ನು ಗುತ್ತೇದಾರರು ಕೊಡಬೇಕು. ಪ್ರತಿ ತಿಂಗಳ ವೇತನ ಚೀಟಿ, ಖಾತೆ ವಿವರ ಮತ್ತು ಭವಿಷ್ಯ ನಿಧಿಯ ಪಾಸ್‌ಬುಕ್ ಒಟ್ಟಿಗೆ ಸೇರಿದರೆ ಪ್ರಮಾಣಪತ್ರ ಹೇಳಬೇಕಾದ ಬಹುಪಾಲನ್ನು ಅವೇ ಹೇಳುತ್ತವೆ. ಬ್ಯಾಂಕಿನ ವ್ಯವಸ್ಥಾಪಕರಿಗೆ ಬರಹದಲ್ಲಿ ಪರಿಸ್ಥಿತಿ ತಿಳಿಸಿ ಇವುಗಳ ಮೇಲೆ ಅರ್ಜಿ ಪರಿಗಣಿಸಲು ಕೋರಬಹುದು.

ಒಳಗಿನ ಒಂದು ದಾರಿಯೂ ಇದೆ. ಗುತ್ತೇದಾರರ ಬಿಲ್ಲು ಪಾಸಾಗುವ ಮೊದಲು ಅವರು ವೇತನ ಪಟ್ಟಿ ಮತ್ತು ಭವಿಷ್ಯ ನಿಧಿ ಕಟ್ಟಿದ ಚಲನ್ ಅನ್ನು ಕಂಪನಿಗೆ ತೋರಿಸಬೇಕಾಗುತ್ತದೆ, ಏಕೆಂದರೆ ಗುತ್ತೇದಾರರು ವೇತನ ಕೊಡದಿದ್ದರೆ ಅಥವಾ ವಂತಿಗೆ ತಪ್ಪಿಸಿದರೆ ಹೊಣೆ ಮೂಲ ಮಾಲೀಕರಾದ ಕಂಪನಿಗೆ ಬರುತ್ತದೆ. ಆದ್ದರಿಂದ ನಿಮ್ಮ ವೇತನದ ಅಂಕಿ ಎಚ್‌ಆರ್ ವಿಭಾಗದ ಕಡತದಲ್ಲೂ ಇರುತ್ತದೆ. ‘ನೀವು ಪತ್ರ ಕೊಡುವುದು ಬೇಡ, ವೇತನ ಪಟ್ಟಿಯಲ್ಲಿ ಇರುವಂತೆ ಪತ್ರ ಕೊಡಲು ಗುತ್ತೇದಾರರಿಗೆ ಒಂದು ಮಾತು ಹೇಳಿ’ ಎಂದು ಎಚ್‌ಆರ್ ಅಧಿಕಾರಿಯನ್ನು ವಿನಯದಿಂದ ಕೇಳಿದರೆ ಅವರಿಗೆ ಅದರಲ್ಲಿ ಅಪಾಯವೇನೂ ಇಲ್ಲ, ಮತ್ತು ಬಿಲ್ಲು ಪಾಸು ಮಾಡುವವರ ಮಾತನ್ನು ಗುತ್ತೇದಾರರು ತೆಗೆದುಹಾಕುವುದು ಅಪರೂಪ.

ಸೌದಿಯ ವಿಚಾರಕ್ಕೆ ಈ ವೇತನ ಪತ್ರ ನಡೆಯುವುದಿಲ್ಲ. ಅಲ್ಲಿ ನೇಮಿಸಿಕೊಳ್ಳುವವರಿಗೆ ಮತ್ತು ವೀಸಾ ಕಡತ ನೋಡುವವರಿಗೆ ಇಲ್ಲಿನ ಪಗಾರಕ್ಕಿಂತ ನೀವು ಯಾವ ಕೆಲಸವನ್ನು ಎಷ್ಟು ವರ್ಷ ಮಾಡಿದ್ದೀರಿ ಎಂಬುದು ಮುಖ್ಯ. ಅನುಭವ ಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆ ಅಕ್ಷರ ತಪ್ಪದೆ ಇರಬೇಕು, ‘ಕಾರ್ಮಿಕ’ ಅಥವಾ ‘ಹೆಲ್ಪರ್’ ಎಂದಿರದೆ ‘ಮೆಕ್ಯಾನಿಕಲ್ ಫಿಟ್ಟರ್’ ಎಂದು ನಿಮ್ಮ ಐಟಿಐ ವಿಷಯಕ್ಕೆ ಹೊಂದುವ ಹುದ್ದೆ ಇರಬೇಕು, ಬೇರಿಂಗ್ ಬದಲಿಸುವುದು, ಗೇರ್‌ಬಾಕ್ಸ್ ಜೋಡಣೆ, ಕನ್ವೇಯರ್ ದುರಸ್ತಿ ಎಂಬಂತೆ ನೀವು ನಿಜವಾಗಿ ಮಾಡುವ ಕೆಲಸ ಎರಡು ಮೂರು ಸಾಲಿನಲ್ಲಿ ಬರಬೇಕು. ಮೂವರು ಗುತ್ತೇದಾರರ ಕಾಲದ ಅನುಭವಕ್ಕೆ ಮೂರು ಪತ್ರ ಬೇಕಾಗುತ್ತದೆ. ಈಗಿನವರ ಪತ್ರದಲ್ಲಿ ‘ಇಂದಿನವರೆಗೆ ಕೆಲಸ ಮಾಡುತ್ತಿದ್ದಾರೆ’ ಎಂದು ಬರೆಸಬಹುದು, ಕೆಲಸ ಬಿಡುವವರೆಗೆ ಕಾಯಬೇಕಿಲ್ಲ. ಹಳೆಯ ಇಬ್ಬರನ್ನು ಮಾತ್ರ ತಡಮಾಡದೆ ಹುಡುಕಿ. ಗುತ್ತಿಗೆ ಮುಗಿಸಿ ಹೋದವರ ಕಚೇರಿ, ಫೋನ್ ನಂಬರ್, ಕೆಲವೊಮ್ಮೆ ಸಂಸ್ಥೆಯ ಹೆಸರೇ ಬದಲಾಗಿಬಿಡುತ್ತದೆ, ಮತ್ತು ಆಗ ಆ ವರ್ಷಗಳಿಗೆ ಉಳಿಯುವ ಸಾಕ್ಷಿ ಕಂಪನಿಯ ಅವಧಿ ಪತ್ರ ಹಾಗೂ ಭವಿಷ್ಯ ನಿಧಿಯ ಆ ಸೇವಾ ವಿವರ ಇವೆರಡೇ.